ಜನರೇಟರ್ ಓಡುವಾಗ ಸೋಲಾರ್‌ಗೆ ಝೀರೋ ಎಕ್ಸ್‌ಪೋರ್ಟ್ ಸಾಲದು

ಪ್ರಶ್ನೆ: ಆಫೀಸ್ ಕಟ್ಟಡದ ಮೇಲೆ ಸೋಲಾರ್ ಇದೆ, ಸೋಲಾರ್ ಕರೆಂಟ್ ಗ್ರಿಡ್‌ಗೆ ಹೋಗದ ಹಾಗೆ ತಡೆಯುವ ಝೀರೋ ಎಕ್ಸ್‌ಪೋರ್ಟ್ ಕಂಟ್ರೋಲರ್ ಕೂಡ ಇದೆ. ಆದರೂ ಕರೆಂಟ್ ಹೋದಾಗ ಜನರೇಟರ್ ರಿವರ್ಸ್ ಪವರ್ ಅಂತ ಟ್ರಿಪ್ ಆಗುತ್ತೆ. ಹೀಗೆ ಟ್ರಿಪ್ ಮಾಡಿಸುವ ರಿಲೇ ಸೆಟ್ಟಿಂಗ್ ಎಷ್ಟಕ್ಕೆ ಏರಿಸಲಿ?

ಏರಿಸಲೇಬೇಡಿ. ನಾವು ಏರಿಸಿದೆವು, ಕೊನೆಗೆ ಇಂಜಿನ್ ಬಿಚ್ಚಬೇಕಾಯಿತು.

ನಾನು ನೋಡಿಕೊಳ್ಳುತ್ತಿದ್ದ ಕಟ್ಟಡದಲ್ಲಿ 250 ಕೆವಿಎ ಜನರೇಟರ್ ಇತ್ತು, ಅಂದರೆ 200 ಕಿಲೋವ್ಯಾಟ್. ಮೇಲೆ 120 ಕಿಲೋವ್ಯಾಟ್ ಸೋಲಾರ್. ಕರೆಂಟ್ ಹೋಗಿ ಜನರೇಟರ್ ಲೋಡ್ ತಗೊಂಡಾಗ ಎಲ್ಲ ಸರಿ ಇರುತ್ತಿತ್ತು. ಕೆಲವು ನಿಮಿಷ ಕಳೆದ ಮೇಲೆ ಟ್ರಿಪ್. ನಿಮ್ಮಲ್ಲೂ ಹೀಗೇ ತಡವಾಗಿ ಟ್ರಿಪ್ ಆಗುತ್ತಿದ್ದರೆ ಕಾರಣ ಸೋಲಾರ್ ಅಂತಲೇ ಹಿಡಿಯಿರಿ. ವೋಲ್ಟೇಜ್, ಫ್ರೀಕ್ವೆನ್ಸಿ ನೆಟ್ಟಗಿದೆಯಾ ಅಂತ ಇನ್ವರ್ಟರ್ ಅಷ್ಟು ಹೊತ್ತು ಕಾದು, ಆಮೇಲೆ ಸೇರಿಕೊಳ್ಳುತ್ತದೆ.

ಮಧ್ಯಾಹ್ನ ಲೋಡ್ 130 ಕಿಲೋವ್ಯಾಟ್. ಅದರಲ್ಲಿ 100 ಸೋಲಾರ್ ಕೊಟ್ಟರೆ ಜನರೇಟರ್ ಪಾಲಿಗೆ ಉಳಿಯುವುದು 30. ಆಗ 50 ಕಿಲೋವ್ಯಾಟ್‌ನ ಚಿಲ್ಲರ್ ನಿಂತಿತು ಅಂದುಕೊಳ್ಳಿ. ಲೋಡ್ 80ಕ್ಕೆ ಇಳಿಯಿತು, ಸೋಲಾರ್ ಮಾತ್ರ 100 ಕೊಡುತ್ತಲೇ ಇದೆ. ಜಾಸ್ತಿಯಾದ 20 ಕಿಲೋವ್ಯಾಟ್ ಹೋಗುವುದು ಜನರೇಟರ್ ಒಳಕ್ಕೇ. ಇಂಜಿನ್ ವೇಗ ನೋಡಿಕೊಳ್ಳುವ ಗವರ್ನರ್ ಡೀಸೆಲ್ ಕಡಿಮೆ ಮಾಡುತ್ತದೆ, ಆದರೂ ಇಂಜಿನ್ ತಿರುಗುತ್ತಲೇ ಇರುತ್ತದೆ, ಯಾಕೆಂದರೆ ಆಲ್ಟರ್ನೇಟರ್ ಈಗ ಮೋಟರ್ ಆಗಿ ಅದನ್ನು ತಿರುಗಿಸುತ್ತಿದೆ. ನಮ್ಮ ರಿಲೇ ಸೆಟ್ಟಿಂಗ್ 8 ಪರ್ಸೆಂಟ್ ಇತ್ತು, ಅಂದರೆ 16 ಕಿಲೋವ್ಯಾಟ್. ಅದು ಟ್ರಿಪ್ ಮಾಡಿದ್ದು ಸರಿಯಾಗೇ ಇತ್ತು.

ನಾವು ಮಾಡಿದ ತಪ್ಪು ಇಲ್ಲಿದೆ. ರಿಲೇಯನ್ನು 15 ಪರ್ಸೆಂಟ್‌ಗೆ ಏರಿಸಿ, ಟೈಮ್ 10 ಸೆಕೆಂಡ್ ಮಾಡಿದೆವು. ಟ್ರಿಪ್ ನಿಂತಿತು, ಎಲ್ಲರೂ ಸುಮ್ಮನಾದರು. ಆದರೆ ಜನರೇಟರ್ ದಿನವೂ ಹೆಚ್ಚುಕಡಿಮೆ ಖಾಲಿ ಓಡುತ್ತಿತ್ತು, ನಡುನಡುವೆ ಉಲ್ಟಾ ಪವರ್ ಬೇರೆ. ಲೋಡ್ ಇಲ್ಲದ ಇಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಮೊದಲು ಬಿಳಿ ಹೊಗೆ ಬಂತು. ಆಮೇಲೆ ಎಕ್ಸಾಸ್ಟ್ ಪೈಪ್ ಜೋಡಣೆಯ ಕೆಳಗೆ ಕಪ್ಪಗೆ, ಜಿಡ್ಡಾಗಿ ಎಣ್ಣೆ ಸೋರತೊಡಗಿತು. ಬಿಚ್ಚಿದಾಗ ಸಿಲಿಂಡರ್ ಲೈನರ್ ಒಳಗಿನ ಗೆರೆಗಳೆಲ್ಲ ಮಾಯವಾಗಿ ಗಾಜಿನ ಹಾಗೆ ನುಣುಪಾಗಿತ್ತು, ಪಿಸ್ಟನ್ ರಿಂಗ್‌ಗಳು ಕೂತಲ್ಲೇ ಅಂಟಿಕೊಂಡಿದ್ದವು. ರಿಲೇ ಹೇಳುತ್ತಿದ್ದದ್ದನ್ನು ಕೇಳಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಹಾಗಾದರೆ ಕಂಟ್ರೋಲರ್ ಏನು ಮಾಡುತ್ತಿತ್ತು? ಅದರ ಸಿಟಿಗಳನ್ನು, ಅಂದರೆ ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್‌ಗಳನ್ನು, ಹಾಕಿದ್ದು ಗ್ರಿಡ್ ಲೈನ್ ಒಳಬರುವ ಇನ್‌ಕಮರ್ ಮೇಲೆ, ಗ್ರಿಡ್‌ನಿಂದ ಜನರೇಟರ್‌ಗೆ ಬದಲಿಸುವ ಚೇಂಜ್‌ಓವರ್‌ಗಿಂತ ಮುಂಚೆ. ಜನರೇಟರ್ ಓಡುವಾಗ ಅಲ್ಲಿ ಕರೆಂಟ್ ಸೊನ್ನೆ. ಕಂಟ್ರೋಲರ್ ಆ ಸೊನ್ನೆ ನೋಡಿ, ಎಕ್ಸ್‌ಪೋರ್ಟ್ ಇಲ್ಲ, ಎಲ್ಲ ಸರಿ ಇದೆ ಅಂತ ಸೋಲಾರ್‌ಗೆ ಪೂರ್ತಿ ಬಿಡುತ್ತಿತ್ತು. ಜನರೇಟರ್ ಅದರ ಕಣ್ಣಿಗೇ ಬೀಳುತ್ತಿರಲಿಲ್ಲ. ಮೊದಲು ಹೋಗಿ ನಿಮ್ಮ ಸಿಟಿ ಎಲ್ಲಿದೆ ನೋಡಿ.

ಜನರೇಟರ್ ಇನ್‌ಕಮರ್‌ಗೂ ಮೀಟರ್ ಹಾಕಿಸಿ. ಜನರೇಟರ್ ಬ್ರೇಕರ್‌ನ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ ಕಂಟ್ರೋಲರ್‌ಗೆ ವೈರ್ ಎಳೆಸಿ, ಯಾವ ಮೂಲ ಓಡುತ್ತಿದೆ ಅಂತ ಅದಕ್ಕೆ ಗೊತ್ತಾಗಲಿ. ಇನ್ನು ಸೊನ್ನೆಯ ಲೆಕ್ಕ ಗ್ರಿಡ್‌ಗೆ ಸರಿ, ಜನರೇಟರ್‌ಗೆ ಸಾಲದು. ಅದರ ಮೇಲೆ ಕನಿಷ್ಠ 30 ಪರ್ಸೆಂಟ್ ಲೋಡ್ ಇರಲೇಬೇಕು, ನಮ್ಮ ಲೆಕ್ಕದಲ್ಲಿ 60 ಕಿಲೋವ್ಯಾಟ್. ಲೋಡ್ 130 ಇದ್ದಾಗ ಸೋಲಾರ್‌ಗೆ 70 ಮಾತ್ರ. ಈಗ ಚಿಲ್ಲರ್ ನಿಂತರೂ ಜನರೇಟರ್ ಮೇಲೆ 10 ಉಳಿಯುತ್ತದೆ, ಅಷ್ಟರಲ್ಲಿ ಕಂಟ್ರೋಲರ್ ಸೋಲಾರ್ ಅನ್ನು 20ಕ್ಕೆ ಇಳಿಸುತ್ತದೆ. ಒಂದೇ ಸಲಕ್ಕೆ ನಿಲ್ಲಬಹುದಾದ ನಿಮ್ಮ ದೊಡ್ಡ ಲೋಡ್ ಯಾವುದು ನೋಡಿ, ಈ ಕನಿಷ್ಠ ಅದಕ್ಕಿಂತ ಜಾಸ್ತಿ ಇರಲಿ.

ಕಂಟ್ರೋಲರ್ ಒಂದನ್ನೇ ನಂಬಬೇಡಿ. ಜನರೇಟರ್ ಲೋಡ್ 20 ಕಿಲೋವ್ಯಾಟ್‌ಗಿಂತ ಕೆಳಗೆ ಮೂರು ಸೆಕೆಂಡ್ ನಿಂತರೆ ಸೋಲಾರ್‌ನ ಕಾಂಟ್ಯಾಕ್ಟರ್ ಬೀಳುವ ಹಾಗೆ ಬೇರೆ ರಿಲೇ ಇಟ್ಟೆವು. ರಿವರ್ಸ್ ಪವರ್ ರಿಲೇಯನ್ನು ಮತ್ತೆ 8 ಪರ್ಸೆಂಟ್‌ಗೆ ತಂದು, ಆರು ಸೆಕೆಂಡ್ ಕೊಟ್ಟೆವು. ಮೊದಲು ಸೋಲಾರ್ ಬೀಳಬೇಕು, ಜನರೇಟರ್ ಅಲ್ಲ, ಅಲ್ವಾ? ನಿಮ್ಮಲ್ಲಿ ಜನರೇಟರ್ ಅಪರೂಪಕ್ಕೆ ಓಡುವುದಾದರೆ ಇಷ್ಟೆಲ್ಲ ಬೇಡವೇ ಬೇಡ. ಜನರೇಟರ್ ಬಂದ ತಕ್ಷಣ ಸೋಲಾರ್ ಪೂರ್ತಿ ಕಡಿಯುವ ಇಂಟರ್‌ಲಾಕ್ ಸಾಕು, ನಾನಾದರೆ ಅದನ್ನೇ ಮಾಡಿಸುತ್ತೇನೆ.

ಕೆಲಸ ಮುಗಿದಾಗ ಎದುರಿಗೇ ನಿಂತು ಟೆಸ್ಟ್ ಮಾಡಿಸಿ. ಸೋಲಾರ್ ಆಫ್ ಮಾಡಿ ಜನರೇಟರ್ ಓಡಿಸಿದಾಗ ಕಂಟ್ರೋಲರ್‌ನಲ್ಲಿ ಕಿಲೋವ್ಯಾಟ್ ಪ್ಲಸ್ ತೋರಿಸಬೇಕು. ಮೈನಸ್ ಬಂದರೆ ಸಿಟಿ ತಿರುಗುಮುರುಗಾಗಿದೆ, ಕಂಟ್ರೋಲರ್‌ನ ಲೆಕ್ಕವೆಲ್ಲ ಉಲ್ಟಾ ಆಗುತ್ತದೆ. ಆಮೇಲೆ ಬಿಸಿಲಿರುವಾಗ ಎರಡೂ ಓಡಿಸಿ, ಕಂಟ್ರೋಲರ್‌ನಿಂದ ಇನ್ವರ್ಟರ್‌ಗೆ ಹೋಗುವ ಕೇಬಲ್ ಕಿತ್ತು ನೋಡಿ. ಸೋಲಾರ್ ತಾನಾಗಿ ಇಳಿಯದಿದ್ದರೆ ಕೆಲಸ ಇನ್ನೂ ಬಾಕಿ ಇದೆ, ಬಿಲ್‌ಗೆ ಸಹಿ ಹಾಕಬೇಡಿ.