ಚೀಟಿಗಳಿಂದ ಸೂಚನಾ ಫಲಕದವರೆಗೆ: ನೀರಿನ ವ್ಯತ್ಯಯದ ಪ್ರಕಟಣೆ

ಪ್ರಶ್ನೆ: ಮಂಗಳೂರಿನಲ್ಲಿ 40 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ‘ನಾಳೆ ನೀರಿಲ್ಲ’ ಎಂಬ ವಾಟ್ಸ್ಯಾಪ್ ಸಂದೇಶ, ‘ಗುರುವಾರ ಬೆಳಿಗ್ಗೆ 6ರಿಂದ ಶುಕ್ರವಾರ 6ರವರೆಗೆ ತುಂಬೆಯಲ್ಲಿ ಪಂಪಿಂಗ್ ಸ್ಥಗಿತ’ ಎಂಬ ಪತ್ರಿಕಾ ಸುದ್ದಿ, ‘ಸಂಪು 30 ಸಾವಿರ, ಮೇಲೆ 15’ ಎಂಬ ವಾಚ್‌ಮನ್ ಚೀಟಿ, ಟ್ಯಾಂಕರಿನ ದರ, ಇಷ್ಟಿದೆ. ನೋಟಿಸ್ ಹೇಗೆ ಬರೆಯಲಿ?

ಉತ್ತರ: ಮೊದಲು ‘ನಾಳೆ’ ಎಂಬ ಪದವನ್ನು ತೆಗೆದುಹಾಕಿ. ನಾನು ಸಂಘದ ಕಾರ್ಯದರ್ಶಿಯಾಗಿದ್ದಾಗ ‘ನಾಳೆ’ ಎಂದು ಬರೆದು ಅಂಟಿಸಿದ ಹಾಳೆ ಮರುದಿನವೂ ಫಲಕದಲ್ಲೇ ಉಳಿದು, ಊರಿನಿಂದ ಆಗಷ್ಟೇ ಬಂದ ಹಿರಿಯ ದಂಪತಿ ನೀರು ಇನ್ನೂ ಒಂದು ದಿನ ಇರುತ್ತದೆಂದು ನಂಬಿ ತೊಂದರೆಪಟ್ಟರು. ಆ ದಿನದಿಂದ ವಾರ ಮತ್ತು ದಿನಾಂಕ ಎರಡನ್ನೂ ಬರೆಯದೆ ಯಾವ ಪ್ರಕಟಣೆಗೂ ಸಹಿ ಹಾಕಿದವನಲ್ಲ.

ಎರಡನೆಯದಾಗಿ, ಪತ್ರಿಕೆ ಹೇಳುವುದು ಪಂಪಿಂಗ್ ನಿಲ್ಲುವ ಸಮಯವನ್ನು. ನಿವಾಸಿಗಳಿಗೆ ಬೇಕಾದದ್ದು ತಮ್ಮ ಮನೆಯ ನಲ್ಲಿಯಲ್ಲಿ ನೀರು ಬರುವ ಸಮಯ. ಈ ಎರಡರ ನಡುವಿನ ಲೆಕ್ಕ ವಾಚ್‌ಮನ್ ಚೀಟಿಯಲ್ಲಿದೆ. ಒಟ್ಟು 45 ಸಾವಿರ ಲೀಟರಿನಲ್ಲಿ ಸಂಪಿನ ತಳದ, ಫುಟ್‌ವಾಲ್ವ್‌ಗೆ ಎಟುಕದ ನೀರನ್ನು ಸುಮಾರು 5 ಸಾವಿರವೆಂದು ಕಳೆದರೆ ಬಳಕೆಗೆ ಸಿಗುವುದು 40 ಸಾವಿರ. ಮನೆಗೆ ನಾಲ್ವರು, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿದರೆ ದಿನದ ಬಳಕೆ 21,600 ಲೀಟರ್. ಶುಕ್ರವಾರ ಬೆಳಿಗ್ಗೆ ಪಂಪಿಂಗ್ ಆರಂಭವಾದರೂ ಖಾಲಿಯಾದ ಕೊಳವೆಗಳು ತುಂಬಿ, ತಗ್ಗಿನ ಬಡಾವಣೆಗಳನ್ನು ದಾಟಿ ನೀರು ಎತ್ತರದ ಜಾಗಕ್ಕೆ ತಲುಪುವಷ್ಟರಲ್ಲಿ ಸಂಜೆಯಾಗಬಹುದು, ಕೆಲವೊಮ್ಮೆ ಶನಿವಾರವೂ ಆಗಬಹುದು. ಆದ್ದರಿಂದ ಎರಡು ದಿನಕ್ಕೆ ಬೇಕಾದ 43,200 ಲೀಟರಿಗೆ 3,200 ಕೊರತೆ ಬೀಳುತ್ತದೆ. ಕೊರತೆ ಸಣ್ಣದು, ಸಮಯ ನಿಗದಿಪಡಿಸಿದರೆ ಸಾಕು. ಟ್ಯಾಂಕರಿನ ವಿಷಯ ಸಮಿತಿಯಲ್ಲಿ ತೀರ್ಮಾನವಾಗುವವರೆಗೆ ಅದರ ದರ ಫಲಕಕ್ಕೆ ಬರಬಾರದು.

ಹೀಗೆ ಬರೆಯಬಹುದು:

ಪ್ರಕಟಣೆ
ದಿನಾಂಕ: ........
ವಿಷಯ: ನೀರು ಪೂರೈಕೆಯಲ್ಲಿ ವ್ಯತ್ಯಯ

ಎಲ್ಲ ನಿವಾಸಿಗಳ ಗಮನಕ್ಕೆ. ದಿನಾಂಕ ........ ಗುರುವಾರ ಬೆಳಿಗ್ಗೆ 6ರಿಂದ ದಿನಾಂಕ ........ ಶುಕ್ರವಾರ ಬೆಳಿಗ್ಗೆ 6ರವರೆಗೆ ತುಂಬೆಯಲ್ಲಿ ಪಂಪಿಂಗ್ ಸ್ಥಗಿತಗೊಳ್ಳುವುದರಿಂದ, ಪಾಲಿಕೆಯ ನೀರು ನಮ್ಮಲ್ಲಿಗೆ ಮತ್ತೆ ತಲುಪುವಾಗ ಶುಕ್ರವಾರ ಸಂಜೆ ಅಥವಾ ಶನಿವಾರ ಆಗಬಹುದು. ಸಂಗ್ರಹದಲ್ಲಿರುವ ನೀರನ್ನು ಈ ಎರಡೂ ದಿನ ಬೆಳಿಗ್ಗೆ 6ರಿಂದ 8 ಹಾಗೂ ಸಂಜೆ 6ರಿಂದ 8ರವರೆಗೆ ಮಾತ್ರ ಮನೆಗಳಿಗೆ ಬಿಡಲಾಗುವುದು. ಉಳಿದ ಸಮಯದಲ್ಲಿ ನಲ್ಲಿಗಳನ್ನು ಕಡ್ಡಾಯವಾಗಿ ಮುಚ್ಚಿಡಬೇಕು. ವಾಹನ ತೊಳೆಯುವುದನ್ನು ಈ ಎರಡು ದಿನ ನಿಲ್ಲಿಸಬೇಕಾಗಿ ವಿನಂತಿ.

ಕಾರ್ಯದರ್ಶಿ

ನಲ್ಲಿ ಮುಚ್ಚುವ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ನೀರಿಲ್ಲದಾಗ ತಿರುಗಿಸಿ ನೋಡಿ ಹಾಗೆಯೇ ಬಿಟ್ಟುಹೋದ ಒಂದೇ ನಲ್ಲಿ, ಸಂಜೆ ವಾಲ್ವ್ ತೆರೆದಾಗ ಬೀಗ ಹಾಕಿದ ಮನೆಯೊಳಗೆ ಎರಡು ಗಂಟೆ ಹರಿಯುತ್ತದೆ.