ಸಿಂಗಪುರದ ಉಚಿತ ಟೂರ್: ಮೊದಲು ವೀಸಾ ನೋಡಿ

ಪ್ರಶ್ನೆ: ಬೆಂಗಳೂರಿಂದ ಸಿಡ್ನಿಗೆ ಹೋಗುವಾಗ ಸಿಂಗಪುರದಲ್ಲಿ 9 ಗಂಟೆ ಕಾಯಬೇಕು. ಫ್ರೀ ಆಗಿ ಊರು ತೋರಿಸ್ತಾರಂತೆ, ನಿಜಾನಾ? ಯಾಕೆ ಫ್ರೀ?

ಉತ್ತರ: ನಿಜ. ಕನೆಕ್ಷನ್ ಐದೂವರೆಯಿಂದ 24 ಗಂಟೆಯೊಳಗೆ ಇದ್ದರೆ ಚಾಂಗಿ ವಿಮಾನ ನಿಲ್ದಾಣದವರು ಸುಮಾರು ಎರಡೂವರೆ ಗಂಟೆ ಬಸ್ಸಲ್ಲಿ ಊರು ಸುತ್ತಿಸಿ ವಾಪಸ್ ಬಿಡುತ್ತಾರೆ. ವಿಮಾನ ಬದಲಿಸಲು ಜನ ದುಬೈ, ಕೌಲಾಲಂಪುರ ಬಿಟ್ಟು ತಮ್ಮಲ್ಲಿಗೇ ಬರಲಿ ಅನ್ನೋದು ಲೆಕ್ಕ. ಬೇಸರದ ಕಾಯುವಿಕೆಯೇ ಆಕರ್ಷಣೆಯಾದರೆ ಟಿಕೆಟ್ ಮಾರಾಟವಾಗುತ್ತದೆ, ಅಲ್ವಾ?

ಜಾಸ್ತಿ ಜನ ಎಡವೋದು ವೀಸಾ ವಿಷಯದಲ್ಲಿ. ಟೂರ್ ಫ್ರೀ ಆದರೂ ನೀವು ಇಮಿಗ್ರೇಶನ್ ದಾಟಿ ಹೊರಗೆ ಹೋಗಬೇಕು, ಅದಕ್ಕೆ ಭಾರತದ ಪಾಸ್‌ಪೋರ್ಟಿಗೆ ಸಿಂಗಪುರದ ವೀಸಾ ಬೇಕು. ಚಾಲ್ತಿಯಲ್ಲಿರುವ ಆಸ್ಟ್ರೇಲಿಯಾ ವೀಸಾ ಇದ್ದರೆ 96 ಗಂಟೆಯ ವೀಸಾರಹಿತ ಪ್ರವೇಶ ಸಿಗಬಹುದು. ಆದರೆ ಕೊನೆಯ ಮಾತು ಕೌಂಟರಿನ ಅಧಿಕಾರಿಯದ್ದೇ. ಸಿಂಗಪುರದೊಳಗೆ ಹೋಗಲು ಬೇಕಾದ ಎಸ್‌ಜಿ ಅರೈವಲ್ ಕಾರ್ಡ್ ಅನ್ನೋ ಫಾರ್ಮನ್ನು ಆನ್‌ಲೈನಲ್ಲಿ ಮೊದಲೇ ತುಂಬಿರಿ.

ಎರಡೂ ವಿಮಾನ ಒಂದೇ ಟಿಕೆಟಲ್ಲಿರಲಿ. ಬೆಂಗಳೂರಲ್ಲಿ ಕೊಡುವ ಬ್ಯಾಗ್ ಟ್ಯಾಗ್ ಮೇಲೆ ಸಿಡ್ನಿಯ ಕೋಡ್ SYD ಅಂತಿದೆಯಾ ನೋಡಿ. ಸಿಂಗಪುರದ ಕೋಡ್ SIN ಅಂತಷ್ಟೇ ಇದ್ದರೆ ಸಾಮಾನು ನೀವೇ ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಆಗ ಟೂರ್ ಆಸೆ ಬಿಡಿ.