ಯಾವ ಸಾಲು ಹೇಳಿತು, ಬೆರಳಿಟ್ಟು ತೋರಿಸಿ

ಮೇಡಂ, ನನ್ನ ಮಗಳು ಹತ್ತನೇ ಕ್ಲಾಸು. ‘ಗದ್ಯಭಾಗ ಓದಿ ಉತ್ತರಿಸಿ’ ಅನ್ನೋದರಲ್ಲಿ ಉತ್ತರ ಕಣ್ಣೆದುರಿಗೇ ಇದ್ದರೂ ಪ್ರತಿ ಸಲ ಒಂದೆರಡು ಅಂಕ ಹೋಗುತ್ತೆ. ‘ಇನ್ನೊಂದು ಸಲ ನೋಡು’ ಅಂದರೆ ನೋಡಿ, ಎಲ್ಲ ಸರಿ ಇದೆ ಅಂತಾಳೆ. ಮನೆಯಲ್ಲಿ ಹೇಗೆ ಚೆಕ್ ಮಾಡಿಸಲಿ? — ಒಬ್ಬ ತಾಯಿ, ಹಾಸನ

ಈ ಪ್ರಶ್ನೆ ತಿಂಗಳಿಗೆ ಹತ್ತು ಸಲವಾದರೂ ಬರುತ್ತದೆ. ಎಲ್ಲದರಲ್ಲೂ ಆ ‘ಇನ್ನೊಂದು ಸಲ ನೋಡು’ ಇದ್ದೇ ಇರುತ್ತದೆ. ಮೊದಲು ಅದನ್ನು ಬಿಡಿ. ತಾನು ಬರೆದ ಉತ್ತರವನ್ನು ಹುಡುಗಿ ಮತ್ತೆ ಓದಿದರೆ ತನ್ನ ಮನಸ್ಸಿನಲ್ಲಿದ್ದದ್ದನ್ನೇ ಓದುತ್ತಾಳೆ, ಅದು ಸರಿಯಾಗಿಯೇ ಕಾಣುತ್ತದೆ. ನೋಡಬೇಕಾದ್ದು ಉತ್ತರವನ್ನಲ್ಲ, ಗದ್ಯವನ್ನು. ‘ಇದನ್ನು ಹೇಳಿದ ಸಾಲು ಯಾವುದು’ ಎಂದು ಕೇಳಿ, ಬೆರಳಿಟ್ಟು ತೋರಿಸಲಿ.

ಕೆಳಗಿನ ಗದ್ಯದಲ್ಲಿ ಮಾಡಿಸಿ ನೋಡಿ. ವಾಕ್ಯಗಳಿಗೆ ನಂಬರ್ ಹಾಕಿದ್ದೇನೆ. ಪ್ರಶ್ನೆಪತ್ರಿಕೆಯಲ್ಲಿ ನಂಬರ್ ಇರುವುದಿಲ್ಲ, ಅವಳೇ ಪೆನ್ಸಿಲಿನಲ್ಲಿ ಹಾಕಿಕೊಳ್ಳಬೇಕು. ಅರ್ಧ ನಿಮಿಷದ ಕೆಲಸ.

(1) ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. (2) ಈ ನೀರಿನಿಂದ ವಿದ್ಯುತ್ ತಯಾರಿಸುವ ಯೋಜನೆ ರೂಪುಗೊಂಡದ್ದು ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. (3) ಅವರು 1901ರಲ್ಲಿ ತೀರಿಕೊಂಡರು. (4) ಮರುವರ್ಷ ವಿದ್ಯುದಾಗಾರ ಕೆಲಸ ಆರಂಭಿಸಿತು. (5) ಅಲ್ಲಿಂದ ಹೊರಟ ವಿದ್ಯುತ್ ಮೊದಲು ತಲುಪಿದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು. (6) ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ.

ಮೊದಲ ಪ್ರಶ್ನೆ: ವಿದ್ಯುದಾಗಾರ ಯಾವ ವರ್ಷ ಕೆಲಸ ಆರಂಭಿಸಿತು? ಮಕ್ಕಳು 1901 ಎಂದು ಬರೆಯುತ್ತಾರೆ. ‘ಯಾವ ವರ್ಷ’ ಅಂದ ಕೂಡಲೇ ಕಣ್ಣು ಇಸವಿ ಹುಡುಕುತ್ತದೆ, ಮೊದಲು ಸಿಕ್ಕ ಇಸವಿಯನ್ನು ಎತ್ತಿಕೊಳ್ಳುತ್ತದೆ. ಈಗ ಸಾಲು ತೋರಿಸು ಎನ್ನಿ. 3ನೇ ವಾಕ್ಯಕ್ಕೆ ಬೆರಳಿಡುತ್ತಾಳೆ. ಪ್ರಶ್ನೆಯನ್ನೂ ಉತ್ತರವನ್ನೂ ಸೇರಿಸಿ ಒಂದು ಪೂರ್ತಿ ವಾಕ್ಯ ಮಾಡಿಸಿ: ‘ವಿದ್ಯುದಾಗಾರ 1901ರಲ್ಲಿ ಕೆಲಸ ಆರಂಭಿಸಿತು.’ ಇದನ್ನು 3ನೇ ವಾಕ್ಯದ ಪಕ್ಕದಲ್ಲಿಟ್ಟು ಓದಿಸಿ. ಅಲ್ಲಿ ವಿದ್ಯುದಾಗಾರದ ಸುದ್ದಿಯೇ ಇಲ್ಲ, ಒಬ್ಬರು ತೀರಿಕೊಂಡ ಸುದ್ದಿ ಇದೆ. ‘ಕೆಲಸ ಆರಂಭಿಸಿತು’ ಇರುವುದು 4ರಲ್ಲಿ. ಅಲ್ಲಿ ಇಸವಿ ಇಲ್ಲ, ‘ಮರುವರ್ಷ’ ಇದೆ. ಯಾವುದರ ಮರುವರ್ಷ? ಒಂದು ವಾಕ್ಯ ಹಿಂದೆ ಹೋಗಬೇಕು. ಉತ್ತರ 1902, ಆಧಾರ 3 ಮತ್ತು 4. ಉತ್ತರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘3, 4’ ಎಂದು ಬರೆಯಲಿ.

‘ಮರುವರ್ಷ’, ‘ಅಲ್ಲಿಂದ’, ‘ಅವರು’, ‘ಇದರಿಂದ’, ‘ಆದರೆ’ ಇಂಥವು ಆಧಾರದ ಸಾಲಿನಲ್ಲಿ ಕಂಡರೆ ಹಿಂದಿನ ವಾಕ್ಯವನ್ನೂ ಸೇರಿಸಿಯೇ ಓದಬೇಕು. 5ನೇ ವಾಕ್ಯವನ್ನೊಂದೇ ಓದಿದರೆ ‘ಅಲ್ಲಿಂದ’ ಎಂದರೆ ಎಲ್ಲಿಂದ ಎಂದೇ ತಿಳಿಯುವುದಿಲ್ಲ.

ಎರಡನೆಯದು: ವಿದ್ಯುತ್ ಮೊದಲು ಎಲ್ಲಿಗೆ ತಲುಪಿತು? ಜಾಣ ಮಕ್ಕಳು ಹೀಗೆ ಬರೆಯುತ್ತಾರೆ: ‘ಬ್ರಿಟಿಷರಿಗೆ ಚಿನ್ನ ಬೇಕಾಗಿದ್ದರಿಂದ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿತು.’ ಸಾಲು ತೋರಿಸು ಅಂದರೆ 5ನ್ನು ತೋರಿಸುತ್ತಾರೆ, ಸಾಲೂ ಸರಿಯೇ. ಆದರೂ ಇಲ್ಲಿಗೆ ಬಿಡಬೇಡಿ. ಉತ್ತರದ ಒಂದೊಂದು ಪದವನ್ನೂ ಆ ಸಾಲಿನ ಮೇಲಿಟ್ಟು ನೋಡಿಸಿ. ‘ಕೋಲಾರ’ ಇದೆ, ‘ಚಿನ್ನದ ಗಣಿ’ ಇದೆ. ‘ಬ್ರಿಟಿಷರು’ ಎಲ್ಲಿದ್ದಾರೆ? ‘ಬೇಕಾಗಿದ್ದರಿಂದ’ ಎಲ್ಲಿದೆ? ಆರೂ ವಾಕ್ಯ ಜಾಲಾಡಿದರೂ ಸಿಗದು. ಸಿಗದ ಪದಕ್ಕೆ ಗೆರೆ ಎಳೆದು ಹೊಡೆದುಹಾಕಲಿ. ಗದ್ಯ ‘ಎಲ್ಲಿಗೆ’ ಎಂದು ಹೇಳಿದೆ, ‘ಏಕೆ’ ಎಂದು ಹೇಳಿಲ್ಲ. ‘ಆದ್ದರಿಂದ’, ‘ಕಾರಣ’, ‘ಇದ್ದುದರಿಂದ’ ಇವು ಮಕ್ಕಳ ಉತ್ತರದಲ್ಲಿ ತಾವಾಗಿಯೇ ಹುಟ್ಟಿಕೊಳ್ಳುವ ಪದಗಳು, ಮೊದಲು ಇವನ್ನೇ ಹಿಡಿಯಿರಿ.

ಬೆಂಗಳೂರಿನ ದೀಪದ ವಿಷಯದಲ್ಲಿ ತಪ್ಪುವುದು ಹೆಚ್ಚಾಗಿ ಓದಿಕೊಂಡ ಮಕ್ಕಳೇ. ‘ಏಷ್ಯಾದಲ್ಲೇ ಮೊದಲು ಬೆಂಗಳೂರಿನಲ್ಲಿ 1905ರಲ್ಲಿ ವಿದ್ಯುತ್ ದೀಪ ಬೆಳಗಿತು’ ಎಂದು ಧೈರ್ಯವಾಗಿ ಬರೆದುಬಿಡುತ್ತಾರೆ. ಎಲ್ಲೋ ಕೇಳಿರುತ್ತಾರೆ. ಅದು ನಿಜವೋ ಸುಳ್ಳೋ ಇಲ್ಲಿ ಬೇಡದ ಮಾತು. 6ನೇ ವಾಕ್ಯದಲ್ಲಿ ‘ಏಷ್ಯಾ’ ಇಲ್ಲ, ‘ಮೊದಲು’ ಇಲ್ಲ. ‘ಮೊದಲು’ ಇರುವುದು 5ರಲ್ಲಿ, ಅದೂ ಕೋಲಾರದ ಬಗ್ಗೆ. ಬೇರೆ ಬೇರೆ ಸಾಲಿನ ಪದಗಳು ಹೀಗೆ ಒಂದೇ ಉತ್ತರದಲ್ಲಿ ಬೆರೆತರೆ, ಎಲ್ಲ ಪದವೂ ಗದ್ಯದ್ದೇ ಆಗಿದ್ದರೂ ಉತ್ತರ ತಪ್ಪಾಗಬಹುದು. ಆದ್ದರಿಂದ ಪದ ಎಲ್ಲಿಯೋ ಇದ್ದರೆ ಸಾಲದು, ಅದು ಯಾರ ಬಗ್ಗೆ ಬಂದಿದೆ ಎಂದೂ ನೋಡಬೇಕು.

ಇನ್ನೂ ಒಂದಿದೆ, ಇದು ಕನ್ನಡ ಗದ್ಯಕ್ಕೇ ಅಂಟಿದ್ದು. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅದರ ಜೊತೆ ‘ಇಲ್ಲ’, ‘ಅಲ್ಲ’, ‘ಎಂಬ ನಂಬಿಕೆ’, ‘ಎನ್ನುತ್ತಾರೆ’ ಎಲ್ಲವೂ ಕೊನೆಗೇ ಹೋಗುತ್ತವೆ. ‘ರಾಗಿ ತಿಂದರೆ ಮೈ ತಂಪಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿದೆ’ ಎಂದು ಗದ್ಯದಲ್ಲಿದ್ದರೆ ‘ತಂಪಾಗುತ್ತದೆ’ ಅನ್ನುವಲ್ಲಿಗೆ ಬೆರಳು ನಿಂತುಬಿಡುತ್ತದೆ. ‘ಗದ್ಯದ ಪ್ರಕಾರ ರಾಗಿ ಮೈಯನ್ನು ತಂಪು ಮಾಡುತ್ತದೆ’ ಎಂಬ ಆಯ್ಕೆಗೆ ಟಿಕ್ ಬೀಳುತ್ತದೆ. ಗದ್ಯ ಹೇಳಿದ್ದು ನಂಬಿಕೆ ಇದೆ ಎಂದಷ್ಟೇ. ಹಾಗಾಗಿ ಬೆರಳು ಪೂರ್ಣವಿರಾಮದವರೆಗೂ ಹೋಗಲೇಬೇಕು. ‘ಮಾತ್ರ’, ‘ಹೊರತು’, ‘ಕೆಲವು’, ‘ಎಲ್ಲ’ ಇವನ್ನೂ ಹಾಗೆಯೇ. ಗದ್ಯದಲ್ಲಿ ‘ಕೆಲವು’ ಇದ್ದು ಆಯ್ಕೆಯಲ್ಲಿ ‘ಎಲ್ಲ’ ಇದ್ದರೆ ಆ ಆಯ್ಕೆ ಅಲ್ಲಿಗೇ ಸತ್ತಿತು.

ಕೊನೆಗೆ ನೀವೇ ಒಂದು ಪರೀಕ್ಷೆ ಮಾಡಿ. ಅವಳು ತೋರಿಸಿದ ಸಾಲನ್ನು ಬಿಟ್ಟು ಉಳಿದ ಗದ್ಯವನ್ನು ಎರಡು ಹಾಳೆಯಿಂದ ಮುಚ್ಚಿ. ಪ್ರಶ್ನೆ ಓದಿ, ಕಂಡಷ್ಟರಲ್ಲೇ ನೀವು ಉತ್ತರ ಹೇಳಿ. ನಿಮಗೆ ಹೇಳಲಾಗದಿದ್ದರೆ ಆಧಾರ ಸಾಲದು. ಗದ್ಯವನ್ನು ನೀವು ಮೊದಲೇ ಓದಿರಬಾರದು, ಓದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಈ ವಿಧಾನ ಎಲ್ಲದಕ್ಕೂ ಒಗ್ಗುವುದಿಲ್ಲ. ‘ಸೂಕ್ತ ಶೀರ್ಷಿಕೆ ಕೊಡಿ’ ಅಂದರೆ ಒಂದು ಸಾಲಿಗೆ ಬೆರಳಿಡಲು ಆಗದು. ಆಗ ಶೀರ್ಷಿಕೆಗೆ ಎಷ್ಟು ವಾಕ್ಯ ಒಪ್ಪುತ್ತವೆ ಎಂದು ಎಣಿಸಿ. ಮೇಲಿನ ಗದ್ಯಕ್ಕೆ ‘ಬೆಂಗಳೂರಿನ ಬೀದಿದೀಪ’ ಎಂದರೆ ಒಪ್ಪುವುದು ಒಂದೇ ವಾಕ್ಯ. ‘ಶಿವನಸಮುದ್ರದ ವಿದ್ಯುತ್’ ಎಂದರೆ ಬಹುಪಾಲು ಒಪ್ಪುತ್ತವೆ.

ಮ್ಯಾಡಮ್, ನರ್ಸಿಂಗ್ ಮುಗಿಸಿ ಐಇಎಲ್‌ಟಿಎಸ್‌ಗೆ ಓದ್ತಿದೀನಿ. ಟ್ರೂ, ಫಾಲ್ಸ್, ನಾಟ್ ಗಿವನ್ ಅಲ್ಲಿ ಕೊನೆಯ ಎರಡು ಯಾವಾಗಲೂ ಅದಲು ಬದಲಾಗುತ್ತೆ. — ಮಂಗಳೂರು

ಫಾಲ್ಸ್ ಎನ್ನಲು ಕೂಡ ಒಂದು ಸಾಲು ಬೇಕು. ಹೇಳಿಕೆಗೆ ಎದುರು ನಿಲ್ಲುವ ಸಾಲು ಅದು. ಎದುರು ನಿಲ್ಲುವ ಸಾಲೂ ಇಲ್ಲ, ಒಪ್ಪುವ ಸಾಲೂ ಇಲ್ಲ ಅಂದರೆ ನಾಟ್ ಗಿವನ್.

ಮೇಲಿನ ಗದ್ಯದಲ್ಲೇ ನೋಡಿ. ‘ವಿದ್ಯುದಾಗಾರ ಕೆಲಸ ಆರಂಭಿಸಿದ್ದನ್ನು ಶೇಷಾದ್ರಿ ಅಯ್ಯರ್ ಕಂಡರು’ ಎಂಬುದು ಫಾಲ್ಸ್. 3 ಮತ್ತು 4 ಸೇರಿ ಅದನ್ನು ಹೊಡೆದುಹಾಕುತ್ತವೆ, ಅವರು ತೀರಿಕೊಂಡದ್ದು ಹಿಂದಿನ ವರ್ಷ. ‘ಬೆಂಗಳೂರಿನ ಬೀದಿದೀಪಗಳಿಗೆ ವಿದ್ಯುತ್ ಶಿವನಸಮುದ್ರದಿಂದ ಬಂತು’ ಎಂಬುದು ನಾಟ್ ಗಿವನ್. ಇದಕ್ಕೆ ಎಲ್ಲರೂ ಜಗಳ ಆಡುತ್ತಾರೆ. ನಿಜವಾಗಿ ಬಂದದ್ದು ಅಲ್ಲಿಂದಲೇ, ಗದ್ಯದ ಓಟವೂ ಹಾಗೇ ಅನ್ನಿಸುತ್ತದೆ. ಆದರೆ 6ನೇ ವಾಕ್ಯ ವಿದ್ಯುತ್ ಎಲ್ಲಿಂದ ಬಂತೆಂದು ಹೇಳಿಲ್ಲ, ‘ಅಲ್ಲಿಂದ’ ಎಂಬ ಪದ 5ರಲ್ಲೇ ಉಳಿದಿದೆ. ನೀವು ಸೇತುವೆ ಕಟ್ಟುತ್ತಿದ್ದೀರಿ, ಗದ್ಯ ಕಟ್ಟಿಲ್ಲ.

ಸಾಲು ಹುಡುಕುತ್ತ ಒಂದೂವರೆ ನಿಮಿಷ ಆದರೂ ಸಿಗದಿದ್ದರೆ ನಾಟ್ ಗಿವನ್ ಎಂದು ಗುರುತು ಹಾಕಿ ಮುಂದೆ ಹೋಗಿ. ಇಲ್ಲದ ಸಾಲು ಹುಡುಕುತ್ತಾ ಕೂತೇ ಹೆಚ್ಚು ಜನ ಸಮಯ ಕಳೆಯುವುದು.

ನಮ್ಮ ಕೋಚಿಂಗ್ ಸರ್, ನಾಲ್ಕು ಆಯ್ಕೆಯಲ್ಲಿ ಉದ್ದ ಇರೋದೇ ಸಾಮಾನ್ಯವಾಗಿ ಸರಿ, ಗದ್ಯದ ಪದ ಹಾಗೇ ಇರೋ ಆಯ್ಕೆಗೆ ಟಿಕ್ ಹಾಕಿ ಅಂತಾರೆ. ನಂಬಬಹುದಾ? — ಪಿಡಿಒ ಪರೀಕ್ಷೆಗೆ ಓದುತ್ತಿರುವವನು, ರಾಯಚೂರು

ಇಂಥವರಿಗೆ ಫೀಸು ಕೊಟ್ಟು ಕೂರುವ ಬದಲು ಮನೆಯಲ್ಲಿ ನಿದ್ದೆ ಮಾಡಿ. ಗದ್ಯದ ಪದವನ್ನು ಹಾಗೇ ಎತ್ತಿ ತಪ್ಪು ಆಯ್ಕೆಯಲ್ಲಿ ಇಡುವುದು, ಸರಿಯಾದದ್ದನ್ನು ಬೇರೆ ಮಾತಿನಲ್ಲಿ ಬರೆಯುವುದು ಪ್ರಶ್ನೆ ತೆಗೆಯುವವರ ತೀರ ಹಳೆಯ ಆಟ. ‘ಅವರು 1901ರಲ್ಲಿ ತೀರಿಕೊಂಡರು’ ಎಂಬುದು ಆಯ್ಕೆಯಲ್ಲಿ ‘ವಿದ್ಯುದಾಗಾರ ಆರಂಭವಾಗುವ ಹೊತ್ತಿಗೆ ದಿವಾನರು ಬದುಕಿರಲಿಲ್ಲ’ ಎಂದಾಗಿರುತ್ತದೆ. ಪದ ಹೊಂದಿಸುವವನಿಗೆ ಇದು ಕಾಣುವುದೇ ಇಲ್ಲ.

ಸಾಲನ್ನು ಹಾಗೆಯೇ ನಕಲು ಮಾಡಿ ಬರೆದರೆ ಆಗುತ್ತದೆಯೇ?

‘ಯಾವ ವರ್ಷ’ ಎಂದು ಕೇಳಿದಾಗ ‘ಮರುವರ್ಷ ವಿದ್ಯುದಾಗಾರ ಕೆಲಸ ಆರಂಭಿಸಿತು’ ಎಂದು ನಕಲು ಮಾಡಿದರೆ ನೀವು ಹೇಳಿದ್ದೇನು? ಸಾಲು ಆಧಾರಕ್ಕೆ, ಉತ್ತರ ಪ್ರಶ್ನೆಗೆ.

ಮೊದಲು ಗದ್ಯ ಓದಬೇಕೋ, ಪ್ರಶ್ನೆ ಓದಬೇಕೋ?

ಯಾವುದಾದರೂ ಸರಿ. ಟಿಕ್ ಹಾಕುವ ಮುಂಚೆ ಬೆರಳು ಗದ್ಯದ ಮೇಲಿರಲಿ.

ಎಲ್ಲ ಉತ್ತರಗಳಿಗೂ ಆಧಾರ ಸಿಕ್ಕಿತು, ಆದರೆ ಎರಡು ಉತ್ತರಗಳಿಗೆ ಒಂದೇ ಸಾಲು ಬಂದಿದೆ. ತಪ್ಪಾಗಿದೆಯೇ? — ಶಿವಮೊಗ್ಗ

ತಪ್ಪೇ ಆಗಬೇಕೆಂದಿಲ್ಲ, ಆದರೆ ಎರಡನ್ನೂ ಇನ್ನೊಮ್ಮೆ ಪದ ಪದ ನೋಡಿ. ಸಾಮಾನ್ಯವಾಗಿ ಎರಡರಲ್ಲೊಂದು ಪಕ್ಕದ ವಾಕ್ಯಕ್ಕೆ ಸೇರಿದ್ದಾಗಿರುತ್ತದೆ.